ಒಟಿಪಿಯ ನಾಲ್ಕು ಪ್ರಶ್ನೆಗಳು ಎಲ್ಲಿಂದ ಬಂದವು?

ಹೋದ ಮಳೆಗಾಲದಲ್ಲಿ ಒಂದು ದಿನ ಊರಿಂದ ಅಪ್ಪನ ಫೋನು. "ಇದೆಂಥದೋ ಮಾರಾಯ, ಮೂರು ಸಲ ನಂಬರ್ ಹಾಕಿದೆ. ಮೂರು ಸಲವೂ ತಪ್ಪು ಅಂತು. ಈಗ ನೋಡಿದರೆ ಇಪ್ಪತ್ನಾಲ್ಕು ಗಂಟೆ ಬಿಟ್ಟು ಬಾ ಅಂತಿದೆ." ಅವತ್ತು ಒಂದು ಅರ್ಜಿ ಹಾಕಲು ಕೊನೇ ದಿನ. ಅರ್ಜಿ ಹೋಗಲಿಲ್ಲ.

ನಮ್ಮ ಮನೆ ಇರುವುದು ಮಲೆನಾಡಿನ ಒಂದು ತಗ್ಗಿನಲ್ಲಿ. ಮನೆಗೆ ಫೈಬರ್ ಬಂದಿದೆ, ಇಂಟರ್ನೆಟ್ಟು ಚೆನ್ನಾಗಿ ಓಡುತ್ತದೆ, ಜೊತೆಗೆ ಲ್ಯಾಂಡ್‌ಲೈನೂ ಇದೆ. ಆದರೆ ಮೊಬೈಲ್ ಸಿಗ್ನಲ್ ಬೇಕು ಅಂದರೆ ತೋಟದ ಮೇಲಿನ ನೀರಿನ ಟ್ಯಾಂಕಿನ ಹತ್ತಿರ ಹೋಗಬೇಕು. ಅಪ್ಪ ಕಂಪ್ಯೂಟರಿನಲ್ಲಿ ಬಟನ್ ಒತ್ತಿ, ಕೊಡೆ ಹಿಡಿದು ಗುಡ್ಡ ಹತ್ತಿ, ಮೆಸೇಜು ಬಂದ ಮೇಲೆ ಅಂಗೈ ಮೇಲೆ ಪೆನ್ನಿನಲ್ಲಿ ಆರು ಅಂಕಿ ಬರೆದುಕೊಂಡು ಇಳಿದು ಬರುತ್ತಾರೆ. ಹೋಗಿ ಬರಲು ಆರು ನಿಮಿಷ ಬೇಕು. ಆ ಸಂಖ್ಯೆಯ ಆಯಸ್ಸು ಮೂರು ನಿಮಿಷ!

ಆ ತಾಣ ಯಾರದ್ದು ಅನ್ನುವುದು ಇಲ್ಲಿ ಬೇಡ. ನಾನು ಹೊಟ್ಟೆಪಾಡಿಗೆ ಮಾಡುವುದು ಇಂಥದ್ದೇ ತಾಣಗಳನ್ನು ಪರೀಕ್ಷಿಸುವ ಕೆಲಸ. ಒಟಿಪಿ ಅಂದ ತಕ್ಷಣ ನಮ್ಮಂಥವರ ಪಟ್ಟಿಯಲ್ಲಿ ನಾಲ್ಕು ಸಾಲು ತಾವಾಗೇ ಬಂದು ಕೂರುತ್ತವೆ: ಅವಧಿ ಮುಗಿದರೆ ಏನಾಗುತ್ತೆ, ಎಷ್ಟು ಸಲ ಮತ್ತೆ ಕಳಿಸಬಹುದು, ತಪ್ಪು ಹಾಕಿದರೆ ಏನು, ಮೆಸೇಜು ತಡವಾದರೆ ಏನು. ವರ್ಷಗಟ್ಟಲೆ ಈ ನಾಲ್ಕಕ್ಕೂ ಟಿಕ್ ಹಾಕಿ ಮನೆಗೆ ಹೋದವನು ನಾನು. ಅಪ್ಪನ ಫೋನು ಬಂದ ಮೇಲೆ, ಈ ನಾಲ್ಕು ಪ್ರಶ್ನೆಗಳು ಹುಟ್ಟಿದ್ದು ಎಲ್ಲಿ, ಒಂದೊಂದನ್ನೇ ಪರೀಕ್ಷಿಸಿದರೆ ಎಲ್ಲವೂ ಪಾಸಾಗಿ ಒಟ್ಟಿಗೇ ಬಂದಾಗ ಯಾಕೆ ಕೈ ಕೊಡುತ್ತವೆ ಅಂತ ಹುಡುಕುತ್ತಾ ಹೋದೆ. ಸಿಕ್ಕಿದ್ದು ಒಂದು ಸಣ್ಣ ಚರಿತ್ರೆ.

ಮೊದಲ ಅಚ್ಚರಿ ಏನೆಂದರೆ, ಒಂದೇ ಸಲ ಬಳಸುವ ಪಾಸ್‌ವರ್ಡು ಹುಟ್ಟಿದಾಗ ಈ ನಾಲ್ಕರಲ್ಲಿ ಒಂದು ಪ್ರಶ್ನೆಯೂ ಇರಲಿಲ್ಲ. 1981ರಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಎಂಬ ಗಣಕ ವಿಜ್ಞಾನಿ ಒಂದು ಸಣ್ಣ ಲೇಖನ ಬರೆದರು. ತಂತಿಯನ್ನು ಯಾರಾದರೂ ಕದ್ದು ಕೇಳುತ್ತಿದ್ದರೂ ಪಾಸ್‌ವರ್ಡು ಕೆಲಸ ಮಾಡಬೇಕು, ಹೇಗೆ? ಅವರ ಉಪಾಯ ಹೀಗೆ. ಒಂದು ಗುಟ್ಟಿನ ಮಾತನ್ನು ಹಿಂದಕ್ಕೆ ಬಿಡಿಸಲಾಗದ ಒಂದು ಲೆಕ್ಕಕ್ಕೆ ಹಾಕಿ, ಬಂದ ಉತ್ತರವನ್ನು ಮತ್ತೆ ಅದೇ ಲೆಕ್ಕಕ್ಕೆ ಹಾಕಿ, ಹೀಗೆ ಸಾವಿರ ಸಲ ಮಾಡುವುದು. ಸಾವಿರನೆಯ ಉತ್ತರವನ್ನು ಸರ್ವರ್ ಇಟ್ಟುಕೊಳ್ಳುತ್ತದೆ. ಮೊದಲ ಸಲ ಒಳಗೆ ಹೋಗುವಾಗ ನೀವು 999ನೆಯ ಉತ್ತರ ಕೊಡುತ್ತೀರಿ. ಸರ್ವರ್ ಅದನ್ನು ಒಂದು ಸಲ ಲೆಕ್ಕಕ್ಕೆ ಹಾಕಿ ತನ್ನಲ್ಲಿರುವುದಕ್ಕೆ ತಾಳೆ ನೋಡುತ್ತದೆ. ಮುಂದಿನ ಸಲ 998. ಕದ್ದು ಕೇಳಿದವನಿಗೆ 999 ಸಿಕ್ಕರೂ ಅದರಿಂದ 998 ತಿಳಿಯುವುದಿಲ್ಲ.

ಇದನ್ನೇ ಬೆಲ್‌ಕೋರ್ ಸಂಸ್ಥೆ ಎಸ್/ಕೀ ಎಂಬ ಹೆಸರಿನಲ್ಲಿ ಬಳಕೆಗೆ ತಂದಿತು. ಒಂದೊಂದು ಪಾಸ್‌ವರ್ಡೂ 64 ಬಿಟ್ಟಿನದು, ಜನ ಟೈಪ್ ಮಾಡಲಿ ಅಂತ ಅದನ್ನು ಆರು ಪುಟ್ಟ ಇಂಗ್ಲಿಷ್ ಪದಗಳಾಗಿ ಮಾಡಿದ್ದರು. ಪದಗಳ ಪಟ್ಟಿಯನ್ನು ಮುದ್ರಿಸಿ ಜೇಬಿನಲ್ಲಿಟ್ಟುಕೊಂಡರೂ ಆಯಿತು. ಗಮನಿಸಿ, ಇಲ್ಲಿ ಅವಧಿ ಇಲ್ಲ. ಆರು ತಿಂಗಳು ಬಿಟ್ಟು ಬಂದರೂ ಪಟ್ಟಿಯ ಮುಂದಿನ ಸಾಲು ನಡೆಯುತ್ತದೆ. ಯಾರೂ ಏನನ್ನೂ ಕಳಿಸುವುದಿಲ್ಲ, ಆದ್ದರಿಂದ ತಡವೂ ಇಲ್ಲ, ಮತ್ತೆ ಕಳಿಸುವುದೂ ಇಲ್ಲ. ತಪ್ಪು ಊಹೆಯ ಬಗ್ಗೆಯೂ ಹೆಚ್ಚು ತಲೆಬಿಸಿ ಇಲ್ಲ, 64 ಬಿಟ್ಟನ್ನು ಊಹೆಯಿಂದ ಹೊಡೆಯುವುದು ಆಗದ ಮಾತು.

ಹಾಗಾದರೆ ಬದಲಾಗಿದ್ದು ಏನು? ಸಂಖ್ಯೆ ಚಿಕ್ಕದಾಯಿತು. 1980ರ ದಶಕದಲ್ಲಿ ಬಂದ ಸೆಕ್ಯೂರ್‌ಐಡಿ ಎಂಬ ಪುಟ್ಟ ಸಾಧನ ನಿಮಿಷಕ್ಕೊಮ್ಮೆ ಹೊಸ ಅಂಕಿ ತೋರಿಸುತ್ತಿತ್ತು. ಐಟಿ ಕಂಪನಿಗಳಲ್ಲಿ ಕೆಲಸ ಮಾಡಿದ ಅನೇಕರು ಬೀಗದ ಕೈಗೊಂಚಲಲ್ಲಿ ಅದನ್ನು ನೇತುಹಾಕಿಕೊಂಡು ಓಡಾಡಿರುತ್ತೀರಿ. ಅವಧಿ ಅನ್ನುವ ಮೊದಲ ಪ್ರಶ್ನೆ ಹುಟ್ಟಿದ್ದು ಇಂಥ ಗಡಿಯಾರಗಳಿಂದ. ಆಮೇಲೆ 2005ರ ಡಿಸೆಂಬರಿನಲ್ಲಿ ಆರ್‌ಎಫ್‌ಸಿ 4226 ಅಂತ ಒಂದು ದಾಖಲೆ ಬಂತು. ಯಾವ ಕಂಪನಿಯಾದರೂ ಬಳಸಬಹುದಾದ, ಎಲ್ಲರಿಗೂ ತೆರೆದ ಒಟಿಪಿ ಸೂತ್ರ ಅದು. ಕನಿಷ್ಠ ಆರು ಅಂಕಿ ಇರಬೇಕು ಅಂತ ಅದರಲ್ಲಿದೆ.

ಆರು ಅಂಕಿ ಅಂದರೆ ಹತ್ತು ಲಕ್ಷ ಸಾಧ್ಯತೆ. ಮನುಷ್ಯನಿಗೆ ದೊಡ್ಡದು, ಕಂಪ್ಯೂಟರಿಗೆ ಕಡಲೆಪುರಿ. ಹಾಗಾಗಿ ಎರಡನೆಯ ಪ್ರಶ್ನೆ, ತಪ್ಪು ಎಷ್ಟು ಸಲ ಅನ್ನುವುದು, ಅಲ್ಲಿಂದ ಮುಂದೆ ಒಂದು ಸಣ್ಣ ಎಚ್ಚರಿಕೆಯಾಗಿ ಉಳಿಯಲಿಲ್ಲ, ಇಡೀ ಕೋಟೆಯೇ ಅದರ ಮೇಲೆ ನಿಂತಿತು. ದಾಖಲೆ ಬರೆದವರಿಗೆ ಇದು ಗೊತ್ತಿತ್ತು. ತಪ್ಪುಗಳಿಗೆ ಮಿತಿ ಹಾಕಿ, ಇಲ್ಲವೇ ಪ್ರತಿ ತಪ್ಪಿಗೂ ಕಾಯುವ ಹೊತ್ತನ್ನು ಹೆಚ್ಚಿಸುತ್ತಾ ಹೋಗಿ (ಮೊದಲ ತಪ್ಪಿಗೆ 5 ಸೆಕೆಂಡು, ಎರಡನೆಯದಕ್ಕೆ 10, ಹೀಗೆ) ಅಂತ ಬರೆದರು. ಜೊತೆಗೆ ಇನ್ನೊಂದು ವಾಕ್ಯ ಸೇರಿಸಿದರು: ಈ ಎಣಿಕೆ ಒಂದು ಲಾಗಿನ್ ಸೆಶನ್ನಿಗೆ ಸೀಮಿತವಾಗಿರಬಾರದು, ಎಲ್ಲ ಸೆಶನ್ನುಗಳಿಗೂ ಸೇರಿ ಒಂದೇ ಇರಬೇಕು, ಇಲ್ಲದಿದ್ದರೆ ಒಟ್ಟೊಟ್ಟಿಗೇ ನೂರು ಕಡೆಯಿಂದ ಊಹಿಸುವವರು ನುಗ್ಗುತ್ತಾರೆ ಅಂತ. ಈ ವಾಕ್ಯವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಉಳಿದ ಎರಡು ಪ್ರಶ್ನೆಗಳು ಬಂದಿದ್ದು ಎಸ್ಸೆಮ್ಮೆಸ್ಸಿನ ಹೆಗಲೇರಿ. ನಮ್ಮ ದೇಶದಲ್ಲಿ ಅದಕ್ಕೆ ದೊಡ್ಡ ಬಾಗಿಲು ತೆರೆದಿದ್ದು ರಿಸರ್ವ್ ಬ್ಯಾಂಕು. ಆನ್‌ಲೈನಿನಲ್ಲಿ ಕಾರ್ಡು ಬಳಸುವಾಗ ಕಾರ್ಡಿನ ಮೇಲೆ ಮುದ್ರಿಸದೇ ಇರುವ ಇನ್ನೊಂದು ಗುರುತು ಕೇಳಲೇಬೇಕು ಅಂತ 2009ರ ಫೆಬ್ರವರಿಯಲ್ಲಿ ಸುತ್ತೋಲೆ ಹೊರಡಿಸಿತು, ಅದೇ ವರ್ಷ ಆಗಸ್ಟ್ 1ರಿಂದ ಜಾರಿಗೆ ಬಂತು. ಶುರುವಿನಲ್ಲಿ ಅದಕ್ಕೆ ಮಾಮೂಲಿ ಪಾಸ್‌ವರ್ಡೇ ಇತ್ತು. ಜನ ಅದನ್ನು ಮರೆಯುತ್ತಿದ್ದರು, ಮೊಬೈಲು ಎಲ್ಲರ ಕೈಯಲ್ಲೂ ಇತ್ತು. ನಿಧಾನಕ್ಕೆ ಪಾಸ್‌ವರ್ಡಿನ ಜಾಗಕ್ಕೆ ಮೆಸೇಜು ಬಂತು.

ಆದರೆ ಎಸ್ಸೆಮ್ಮೆಸ್ಸು ಇಂಥ ಅವಸರದ ಕೆಲಸಕ್ಕೆ ಹುಟ್ಟಿದ್ದೇ ಅಲ್ಲ. 1992ರ ಡಿಸೆಂಬರ್ 3ರಂದು ಬ್ರಿಟನ್ನಿನಲ್ಲಿ ಹೋದ ಮೊದಲ ಮೆಸೇಜು ಕ್ರಿಸ್‌ಮಸ್ ಶುಭಾಶಯ. ಅದರ ಸ್ವಭಾವ ಅಂಚೆಯದ್ದು. ಮೆಸೇಜು ಮೊದಲು ಒಂದು ಕೇಂದ್ರಕ್ಕೆ ಹೋಗಿ ಕೂರುತ್ತದೆ. ನಿಮ್ಮ ಫೋನು ಸಿಕ್ಕರೆ ತಲುಪಿಸುತ್ತದೆ, ಸಿಗದಿದ್ದರೆ ಇಟ್ಟುಕೊಂಡು ಆಮೇಲೆ ಮತ್ತೆ ಪ್ರಯತ್ನಿಸುತ್ತದೆ. ಎಷ್ಟು ಹೊತ್ತು ಇಟ್ಟುಕೊಳ್ಳಬೇಕು ಅಂತ ಪ್ರತಿ ಮೆಸೇಜಿನ ಜೊತೆ ಹೇಳಬಹುದು. ಫೋನಿನಿಂದ ಹೊರಡುವ ಮೆಸೇಜಿನಲ್ಲಿ ಇದಕ್ಕಾಗಿ ಒಂದೇ ಬೈಟಿನ ಜಾಗ ಇದೆ, ಅದರಲ್ಲಿ ಬರೆಯಬಹುದಾದ ಅತಿ ಕಡಿಮೆ ಹೊತ್ತು 5 ನಿಮಿಷ, ಅತಿ ಹೆಚ್ಚು 63 ವಾರ! ಒಂದು ವರ್ಷಕ್ಕಿಂತ ಹೆಚ್ಚು ಕಾಯಬಲ್ಲ ವ್ಯವಸ್ಥೆಯ ಬೆನ್ನ ಮೇಲೆ ನಾವು ಮೂರು ನಿಮಿಷದ ಸಂಖ್ಯೆಯನ್ನು ಕೂರಿಸಿದೆವು.

ಕಂಪನಿಗಳ ಸರ್ವರುಗಳು ಈ ಕೇಂದ್ರದ ಜೊತೆ ಮಾತಾಡುವ ಭಾಷೆ ಬೇರೆ, ಅದಕ್ಕೆ ಎಸ್‌ಎಂಪಿಪಿ ಅಂತ ಹೆಸರು. ಅದರಲ್ಲಿ `validity_period` ಅಂತ ಒಂದು ಜಾಗವಿದೆ. "ಮೂರು ನಿಮಿಷದಲ್ಲಿ ತಲುಪದಿದ್ದರೆ ಬಿಸಾಕು" ಅನ್ನಬೇಕಾದರೆ ಅಲ್ಲಿ ಹೀಗೆ ಬರೆಯಬೇಕು:

```
000000000300000R
```

ಎಡದಿಂದ ಎರಡೆರಡು ಅಂಕಿಯಂತೆ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು. ಕೊನೆಯ `R` ಅಂದರೆ "ಈಗಿನಿಂದ ಇಷ್ಟು ಹೊತ್ತು" ಅಂತ. ಈ ಜಾಗವನ್ನು ಖಾಲಿ ಬಿಟ್ಟರೆ ಎಷ್ಟು ಹೊತ್ತು ಇಟ್ಟುಕೊಳ್ಳಬೇಕು ಅನ್ನುವುದು ಕೇಂದ್ರದವರ ಇಷ್ಟ. ಖಾಲಿ ಬಿಟ್ಟಿದ್ದಾರೋ ಇಲ್ಲವೋ ಅಂತ ತಿಳಿಯುವುದು ಸುಲಭ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಒಟಿಪಿ ಕೇಳಿ, ಅರ್ಧ ಗಂಟೆ ಬಿಟ್ಟು ಸಿಗ್ನಲ್ ಆನ್ ಮಾಡಿ. ಸತ್ತ ಸಂಖ್ಯೆಯ ಮೆಸೇಜು ಟಣ್ ಅಂತ ಬಂದು ಬಿದ್ದರೆ ಒಂದೋ ಜಾಗ ಖಾಲಿ ಇದೆ, ಇಲ್ಲವೇ ನಡುವೆ ಯಾರೋ ಅದನ್ನು ಪಾಲಿಸುತ್ತಿಲ್ಲ. ಎರಡನೆಯದೂ ಉಂಟು, ಹಾಗಾಗಿ ಬರೆದಿದ್ದೇವೆ ಅಂತ ನೆಮ್ಮದಿಯಾಗಿ ಕೂರುವ ಹಾಗಿಲ್ಲ.

ಅವಧಿ ಎಷ್ಟಿರಬೇಕು ಅಂತ ಕೇಳಿದರೆ, ಅಮೆರಿಕದ ನಿಸ್ಟ್ ಸಂಸ್ಥೆ 2017ರ ತನ್ನ ಮಾರ್ಗಸೂಚಿಯಲ್ಲಿ ಹತ್ತು ನಿಮಿಷದ ಒಳಗೆ ಅಂತ ಹೇಳಿತು. ಬಹಳ ತಾಣಗಳು ಮೂರು, ಎರಡು, ಒಂದೂವರೆ ನಿಮಿಷಕ್ಕೆ ಇಳಿಸಿವೆ. ಚಿಕ್ಕದಾದಷ್ಟೂ ಭದ್ರ ಅನ್ನುವ ನಂಬಿಕೆ. ನನ್ನ ಮಟ್ಟಿಗೆ ಇದು ತಪ್ಪು ಲೆಕ್ಕ. ಐದು ತಪ್ಪಿಗೆ ಬಾಗಿಲು ಹಾಕುವ ತಾಣದಲ್ಲಿ ಊಹಿಸುವವನಿಗೆ ಸಿಗುವುದು ಹತ್ತು ಲಕ್ಷದಲ್ಲಿ ಐದು ಅವಕಾಶ, ಅದು ಮೂರು ನಿಮಿಷವಾದರೂ ಅಷ್ಟೇ, ಹತ್ತು ನಿಮಿಷವಾದರೂ ಅಷ್ಟೇ. ಫೋನ್ ಮಾಡಿ ಮಾತಿನಲ್ಲಿ ಮರುಳು ಮಾಡಿ ಸಂಖ್ಯೆ ಕೇಳುವ ಕಳ್ಳನಿಗಂತೂ ಒಂದು ನಿಮಿಷ ಸಾಕು. ಅವಧಿ ಕಡಿಮೆ ಮಾಡಿದಾಗ ಹೊರಗೆ ಉಳಿಯುವವರಲ್ಲಿ ಹೆಚ್ಚಿನವರು ಟ್ಯಾಂಕಿನ ಹತ್ತಿರ ನಿಂತವರು.

ಸರಿ, ಈಗ ಆ ತಪ್ಪುಗಳ ಎಣಿಕೆಗೆ ಬರೋಣ. 2016ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿದ್ದ ಭದ್ರತಾ ಎಂಜಿನಿಯರ್ ಆನಂದ್ ಪ್ರಕಾಶ್ ಫೇಸ್‌ಬುಕ್ಕಿನ ಪಾಸ್‌ವರ್ಡ್ ಮರೆತವರ ಪುಟವನ್ನು ಕೆದಕುತ್ತಿದ್ದರು. ಆರಂಕಿಯ ಸಂಖ್ಯೆ ಬರುತ್ತದೆ, ಮುಖ್ಯ ತಾಣದಲ್ಲಿ ಹತ್ತು ಹನ್ನೆರಡು ತಪ್ಪಿಗೆ ತಡೆ ಬೀಳುತ್ತದೆ. ಸರಿಯಾಗೇ ಇದೆ. ಆದರೆ ಅದೇ ಪುಟ `beta.facebook.com` ಎಂಬ ಇನ್ನೊಂದು ವಿಳಾಸದಲ್ಲೂ ಇತ್ತು, ಅಲ್ಲಿ ತಡೆಯೇ ಇರಲಿಲ್ಲ. ಸಂಖ್ಯೆ ಸಿಗುವವರೆಗೂ ಒಂದೊಂದನ್ನೇ ಹಾಕುತ್ತಾ ಹೋಗಬಹುದಿತ್ತು. ಅವರು ಅದನ್ನು ತಮ್ಮ ಖಾತೆಯ ಮೇಲೇ ಮಾಡಿ ತೋರಿಸಿದರು, ಫೇಸ್‌ಬುಕ್ ಮರುದಿನವೇ ಸರಿಪಡಿಸಿ 15,000 ಡಾಲರ್ ಬಹುಮಾನ ಕೊಟ್ಟಿತು. ಅಲ್ಲಿ ತಡೆಯನ್ನು ಪರೀಕ್ಷಿಸಿಯೇ ಇದ್ದಿರಬೇಕು, ಮುಂಬಾಗಿಲಿನಲ್ಲಿ! ಮೊಬೈಲ್ ಆಪು, ಹಳೇ ಆಪು ಕರೆಯುವ ಹಳೇ ವಿಳಾಸ, ಟೆಸ್ಟಿಂಗಿಗೆ ಅಂತ ಇಟ್ಟು ಮರೆತ ತಾಣ, ಇವೆಲ್ಲ ಹಿತ್ತಿಲ ಬಾಗಿಲುಗಳು.

ಮೂರು ವರ್ಷದ ನಂತರ, 2019ರ ಜುಲೈಯಲ್ಲಿ, ಲಕ್ಷ್ಮಣ್ ಮುತ್ತಯ್ಯ ಎಂಬ ಇನ್ನೊಬ್ಬ ಭಾರತೀಯ ಸಂಶೋಧಕರು ಇನ್‌ಸ್ಟಾಗ್ರಾಂ ಬಗ್ಗೆ ಬರೆದಿದ್ದು ಇದಕ್ಕಿಂತ ಸ್ವಾರಸ್ಯದ್ದು. ಅಲ್ಲಿ ತಡೆ ಇತ್ತು. ಆರಂಕಿ, ಹತ್ತು ನಿಮಿಷದ ಅವಧಿ. ಇವರು ಸುಮಾರು ಸಾವಿರ ಊಹೆಗಳನ್ನು ಕಳಿಸಿ ನೋಡಿದರು, 250 ಒಳಗೆ ಹೋದವು, ಉಳಿದವು ತಡೆಗೆ ಸಿಕ್ಕವು. 250 ಯಾಕೆ ಒಳಗೆ ಹೋಗಬೇಕು? ಅವರು ಬೇರೆ ಬೇರೆ ಐಪಿ ವಿಳಾಸಗಳಿಂದ, ಏಕಕಾಲಕ್ಕೆ ಕಳಿಸಿ ನೋಡಿದರು. ಒಂದು ಸಾವಿರ ಐಪಿಗಳಿಂದ ಒಟ್ಟು ಎರಡು ಲಕ್ಷ ಊಹೆಗಳು ತಡೆಯಿಲ್ಲದೆ ಹೋದವು, ಅಂದರೆ ಐದರಲ್ಲಿ ಒಂದು ಪಾಲು. ಐದು ಸಾವಿರ ಐಪಿ ಇದ್ದರೆ ಹತ್ತು ಲಕ್ಷವೂ ಮುಗಿಯಿತು. ಇದಕ್ಕೆ 30,000 ಡಾಲರ್ ಬಹುಮಾನ ಬಂತು. ಹದಿನಾಲ್ಕು ವರ್ಷದ ಹಿಂದಿನ ದಾಖಲೆಯಲ್ಲಿದ್ದ ಆ ಒಂದು ವಾಕ್ಯ ನೆನಪಾಯಿತೇ? :)

ಈ "ಏಕಕಾಲಕ್ಕೆ" ಅನ್ನುವುದರಲ್ಲಿ ಅಡಗಿರುವ ತಪ್ಪು ಎಂಥದ್ದು ಅಂತ ಮದುವೆ ಮನೆಯ ಉದಾಹರಣೆ ಕೊಡುತ್ತೇನೆ. ಊಟದ ಹಾಲಿನ ಬಾಗಿಲಲ್ಲಿ ಒಬ್ಬರು ನಿಂತು "ಒಳಗೆ ಎಷ್ಟು ಎಲೆ ಹಾಕಿದೆ?" ಅಂತ ಬಗ್ಗಿ ನೋಡುತ್ತಾರೆ, ಜಾಗ ಇದ್ದರೆ ಒಬ್ಬರನ್ನು ಬಿಟ್ಟು ಆಮೇಲೆ ಚೀಟಿಯಲ್ಲಿ ಗೀಟು ಹಾಕುತ್ತಾರೆ. ಒಬ್ಬೊಬ್ಬರೇ ಬಂದರೆ ಲೆಕ್ಕ ಸರಿ. ಇನ್ನೂರು ಜನ ಒಮ್ಮೆಲೇ ನುಗ್ಗಿದರೆ, ಅವರು ಗೀಟು ಹಾಕುವ ಮೊದಲೇ ಎಲ್ಲರೂ ಒಳಗೆ. ಪ್ರೋಗ್ರಾಮುಗಳಲ್ಲೂ ಹೀಗೇ ಮೊದಲು ಎಣಿಕೆ ಓದಿ, ಸಂಖ್ಯೆ ತಾಳೆ ನೋಡಿ, ಕೊನೆಗೆ ಎಣಿಕೆ ಹೆಚ್ಚಿಸುತ್ತಾರೆ. ಗೀಟು ಹಾಕುವುದೂ ಒಳಗೆ ಬಿಡುವುದೂ ಒಂದೇ ಕ್ರಿಯೆ ಆಗಬೇಕು, ಗೀಟು ಮೊದಲು ಬೀಳಬೇಕು:

```
UPDATE otp SET tries = tries + 1
WHERE user_id = ? AND tries < 5
  AND expires_at > now();
```

ಒಂದು ಸಾಲು ಬದಲಾದರೆ ಮಾತ್ರ ಮುಂದೆ ಹೋಗಿ ಸಂಖ್ಯೆ ತಾಳೆ ನೋಡುವುದು. ಸೊನ್ನೆ ಸಾಲು ಬದಲಾದರೆ ನೋಡುವುದೇ ಬೇಡ. ಪರೀಕ್ಷೆಯೂ ಸರಳ. ಒಂದೇ ಖಾತೆಗೆ ಐವತ್ತು ತಪ್ಪು ಸಂಖ್ಯೆಗಳನ್ನು ಏಕಕಾಲಕ್ಕೆ ಕಳಿಸಿ, "ತಪ್ಪು ಸಂಖ್ಯೆ" ಅನ್ನುವ ಉತ್ತರ ಎಷ್ಟು ಬಂತು, "ಮಿತಿ ಮುಗಿದಿದೆ" ಅನ್ನುವುದು ಎಷ್ಟು ಬಂತು ಎಣಿಸಿ. 5 ಮತ್ತು 45 ಬರಬೇಕು. 9 ಮತ್ತು 41 ಬಂದರೆ ಬಾಗಿಲಲ್ಲಿ ಗೀಟು ತಡವಾಗಿ ಬೀಳುತ್ತಿದೆ ಅಂತ ಅರ್ಥ. ಒಬ್ಬನೇ ಕೂತು ಒಂದಾದ ಮೇಲೊಂದು ಕೈಯಲ್ಲಿ ಟೈಪ್ ಮಾಡಿದರೆ ಈ ತಪ್ಪು ಈ ಜನ್ಮದಲ್ಲಿ ಸಿಗುವುದಿಲ್ಲ.

"ಮತ್ತೆ ಕಳಿಸಿ" ಅನ್ನುವ ಬಟನ್ನು ನೋಡಲು ಅತಿ ಪಾಪದ್ದು. ನಾನು ಮೋಸ ಹೋಗಿದ್ದು ಅದರಲ್ಲೇ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಐದು ತಪ್ಪಿಗೆ ಸಂಖ್ಯೆ ರದ್ದಾಗುವುದನ್ನು ನಾನೇ ಪರೀಕ್ಷಿಸಿ ಪಾಸ್ ಮಾಡಿದ್ದೆ. ಮೂವತ್ತು ಸೆಕೆಂಡಿಗೊಮ್ಮೆ ಮತ್ತೆ ಕಳಿಸಬಹುದು ಅನ್ನುವುದನ್ನೂ ಪಾಸ್ ಮಾಡಿದ್ದೆ. ತಿಂಗಳಾದ ಮೇಲೆ ಪಕ್ಕದ ಸೀಟಿನ ಹುಡುಗಿ ಬಂದು "ಸರ್, ನಾಲ್ಕು ತಪ್ಪು ಹಾಕಿ ಮತ್ತೆ ಕಳಿಸಿ ಒತ್ತಿದ್ರೆ ಎಣಿಕೆ ಎಷ್ಟಿರುತ್ತೆ?" ಅಂದಳು. ಹೋಗಿ ನೋಡಿದರೆ ಸೊನ್ನೆ! ಎಣಿಕೆ ಸಂಖ್ಯೆಯ ಜೊತೆ ಅಂಟಿಕೊಂಡಿತ್ತು, ಹೊಸ ಸಂಖ್ಯೆ ಬಂದರೆ ಹೊಸ ಎಣಿಕೆ.

ಇದರ ಲೆಕ್ಕ ಹಾಕಿ ನೋಡಿ. ಮೂವತ್ತು ಸೆಕೆಂಡಿಗೆ ಐದು ಊಹೆ, ನಿಮಿಷಕ್ಕೆ ಹತ್ತು, ದಿನಕ್ಕೆ 14,400. ಹತ್ತು ಲಕ್ಷದಲ್ಲಿ ಅದು ಶೇಕಡಾ 1.4. ಐವತ್ತು ದಿನ ಬಿಡದೆ ನಡೆಸಿದರೆ ಒಳಗೆ ಹೋಗುವ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಒಂದೇ ಖಾತೆ ಬೇಕು ಅಂತ ಹಟವಿಲ್ಲದ ಕಳ್ಳ ಐವತ್ತು ಖಾತೆಗಳ ಮೇಲೆ ಒಂದೇ ದಿನ ನಡೆಸಿದರೂ ಅಷ್ಟೇ ಫಲ. ಎಣಿಕೆ ಖಾತೆಗೆ ಅಂಟಬೇಕು, ಸರಿಯಾದ ಸಂಖ್ಯೆ ಹಾಕಿ ಒಳಗೆ ಬಂದಾಗ ಮಾತ್ರ ಸೊನ್ನೆ ಆಗಬೇಕು. ಮೇಲಿನ ತುಣುಕಿನಲ್ಲೂ `tries` ಇರುವುದು ಪ್ರತಿ ಸಂಖ್ಯೆಗೆ ಹೊಸ ಸಾಲು ಹಾಕುವ ಕೋಷ್ಟಕದಲ್ಲಾದರೆ ಇದೇ ಕಥೆ, ಅದಕ್ಕೇ ಖಾತೆಗೆ ಒಂದೇ ಸಾಲು. ಆದರೆ ಪೂರ್ತಿ ಬೀಗ ಹಾಕಿದರೆ ಇನ್ನೊಂದು ತಾಪತ್ರಯ, ನಿಮ್ಮ ಮೊಬೈಲ್ ನಂಬರ್ ಗೊತ್ತಿರುವ ಯಾವ ಕಿಡಿಗೇಡಿಯೂ ಬೇಕೆಂದೇ ತಪ್ಪು ಹಾಕಿ ನಿಮ್ಮನ್ನು ಹೊರಗಿಡಬಹುದು. ಹಾಗಾಗಿ ಹಳೇ ದಾಖಲೆಯಲ್ಲಿದ್ದ, ಪ್ರತಿ ತಪ್ಪಿಗೂ ಕಾಯುವ ಹೊತ್ತು ಬೆಳೆಯುವ ಉಪಾಯವೇ ನನಗೆ ಹೆಚ್ಚು ಇಷ್ಟ.

ಬಟನ್ನಿಗೆ ದುಡ್ಡಿನ ಮುಖವೂ ಇದೆ. ದುಬಾರಿ ದರದ ನಂಬರುಗಳಿಗೆ ಯಂತ್ರಗಳಿಂದ ಸುಮ್ಮನೆ ಒಟಿಪಿ ಕೇಳಿಸಿ, ಆ ಮೆಸೇಜಿನ ದರದಲ್ಲಿ ಪಾಲು ಹೊಡೆಯುವ ದಂಧೆಯೇ ಇದೆ. ಟ್ವಿಟರ್ ಇಂಥ ಮೆಸೇಜುಗಳಿಗೆ ವರ್ಷಕ್ಕೆ 6 ಕೋಟಿ ಡಾಲರ್ ಕಳೆದುಕೊಳ್ಳುತ್ತಿದೆ ಅಂತ ಅದರ ಮಾಲೀಕ ಎಲಾನ್ ಮಸ್ಕ್ 2023ರಲ್ಲಿ ಹೇಳಿದ್ದರು. ಮಿತಿಯನ್ನು ಖಾತೆಗೆ ಮಾತ್ರ ಹಾಕಿದರೆ ಇದು ನಿಲ್ಲುವುದಿಲ್ಲ, ಅವರು ಪ್ರತಿ ಸಲ ಬೇರೆ ನಂಬರ್ ಕೊಡುತ್ತಾರೆ.

ಇನ್ನು ಉಳಿದಿದ್ದು ತಡ. 2021ರ ಮಾರ್ಚ್ 8, ಸೋಮವಾರ. ಅವತ್ತು ದೇಶದ ತುಂಬಾ ಒಟಿಪಿಗಳು ಬರಲಿಲ್ಲ. ಬ್ಯಾಂಕು, ಆಧಾರ್, ಆಗಷ್ಟೇ ಶುರುವಾಗಿದ್ದ ಲಸಿಕೆಯ ನೋಂದಣಿ, ಎಲ್ಲ ಕಡೆ ಜನ ಫೋನು ಹಿಡಿದು ಕಾದರು. ಆಗಿದ್ದು ಇಷ್ಟು. ಕಿರಿಕಿರಿಯ ಜಾಹೀರಾತು ಮೆಸೇಜುಗಳನ್ನು ತಡೆಯಲು ಟ್ರಾಯ್ 2018ರಲ್ಲಿ ನಿಯಮ ತಂದಿತ್ತು. ಕಂಪನಿಗಳು ತಾವು ಕಳಿಸುವ ಮೆಸೇಜಿನ ಮಾದರಿಯನ್ನು ಮೊದಲೇ ನೋಂದಾಯಿಸಬೇಕು, ಹೋಗುವ ಪ್ರತಿ ಮೆಸೇಜನ್ನೂ ಟೆಲಿಕಾಂ ಕಂಪನಿಗಳು ಮಾದರಿಗೆ ತಾಳೆ ನೋಡಬೇಕು, ಹೊಂದದಿದ್ದರೆ ಬಿಸಾಡಬೇಕು. ಆ ಜರಡಿಯನ್ನು ಅಂದು ಪೂರ್ತಿಯಾಗಿ ಹಿಡಿದರು. ಬಹಳಷ್ಟು ಮೆಸೇಜುಗಳು ನೋಂದಣಿಯೇ ಆಗಿರಲಿಲ್ಲ ಅಥವಾ ಮಾದರಿಗೆ ಹೊಂದಲಿಲ್ಲ. ಮರುದಿನವೇ ಟ್ರಾಯ್ ಏಳು ದಿನಗಳ ಮಟ್ಟಿಗೆ ಜರಡಿಯನ್ನು ನಿಲ್ಲಿಸಿತು.

ಪರೀಕ್ಷಿಸುವವರಿಗೆ ಅಂದಿನ ದಿನದಲ್ಲಿ ಕಲಿಯಲು ಬಹಳವಿದೆ. ಮೆಸೇಜು ಕೊಟ್ಟಾಗ ಕೇಂದ್ರ "ಸರಿ, ತಗೊಂಡೆ" ಅಂತ ಉತ್ತರಿಸುತ್ತದೆ. ಅದು ಅಂಚೆ ಡಬ್ಬಿಗೆ ಕಾಗದ ಬಿದ್ದ ಸದ್ದು ಮಾತ್ರ. ತಲುಪಿತು ಅನ್ನುವ ರಸೀದಿ ಬೇರೆಯಾಗಿ, ಆಮೇಲೆ ಬರುತ್ತದೆ. ತಗೊಂಡೆ ಅಂದಿದ್ದನ್ನೇ ತಲುಪಿತು ಅಂತ ಬರೆದುಕೊಳ್ಳುವ ತಾಣಕ್ಕೆ ಇಂಥ ದಿನ ಏನೂ ಕಾಣಿಸುವುದಿಲ್ಲ, ಅದರ ಪಟ್ಟಿಯಲ್ಲಿ ಎಲ್ಲವೂ ಹಸಿರು. ಇತ್ತ ಜನ ಮತ್ತೆ ಮತ್ತೆ ಬಟನ್ ಒತ್ತಿ ದಿನದ ಮಿತಿ ಮುಗಿಸಿಕೊಂಡಿರುತ್ತಾರೆ. ಮೆಸೇಜು ಸರಿಯಾಗಿ ಬರಲು ಶುರುವಾದಾಗ ಅವರಿಗೆ ಬಾಗಿಲು ಹಾಕಿರುತ್ತದೆ. ಈಗಲೂ ಯಾರಾದರೂ ಮೆಸೇಜಿನ ವಾಕ್ಯದಲ್ಲಿ ಒಂದು ಪದ ತಿದ್ದಿ ನೋಂದಾಯಿಸಲು ಮರೆತರೆ ಸಾಕು, ಆ ಒಂದು ಕಂಪನಿಗೆ ಮಾತ್ರ ಮಾರ್ಚ್ 8 ಮರಳಿ ಬರುತ್ತದೆ.

ನಮ್ಮ ಭಾಷೆಯಲ್ಲಿ ಮೆಸೇಜು ಕಳಿಸುವವರಿಗೆ ಇನ್ನೊಂದು ಲೆಕ್ಕವಿದೆ, ಯೂನಿಕೋಡ್ ಕನ್ನಡದ ಜೊತೆ ಗುದ್ದಾಡಿದವರಿಗೆ ಖುಷಿಯಾದೀತು. ಇಂಗ್ಲಿಷ್ ಮೆಸೇಜಿನಲ್ಲಿ 160 ಅಕ್ಷರ ಹಿಡಿಸುತ್ತದೆ, ಕನ್ನಡ ಬಂದ ತಕ್ಷಣ ಅದು 70. ಅದೂ ನಾವು ಎಣಿಸುವ ಅಕ್ಷರ ಅಲ್ಲ, ಯೂನಿಕೋಡ್ ಚಿಹ್ನೆ. "ಸ್ತ್ರೀ" ಎಂಬ ಒಂದಕ್ಷರಕ್ಕೇ ಆರು ಚಿಹ್ನೆ! 70 ದಾಟಿದರೆ ಮೆಸೇಜು ತುಂಡಾಗುತ್ತದೆ, ತುಂಡುಗಳು ಬೇರೆ ಬೇರೆಯಾಗಿ ಹೊರಡುತ್ತವೆ, ಒಂದು ತುಂಡು ಹಿಂದೆ ಬಿದ್ದರೆ ಫೋನು ಪೂರ್ತಿ ಮೆಸೇಜನ್ನು ತೋರಿಸಲಾರದು. "482913 ನಿಮ್ಮ ಲಾಗಿನ್ ಸಂಖ್ಯೆ. 3 ನಿಮಿಷ ಮಾತ್ರ. ಯಾರಿಗೂ ಹೇಳಬೇಡಿ." ಇದು 58 ಚಿಹ್ನೆ, ಒಂದೇ ತುಂಡು. ಇದಕ್ಕೆ "ಗೌರವಾನ್ವಿತ ಗ್ರಾಹಕರೇ" ಅಂತ ಸೇರಿಸಿ ಮರ್ಯಾದೆ ತೋರಿಸಲು ಹೋದರೆ ಎರಡು ತುಂಡು. ಕನ್ನಡದಲ್ಲಿ ಕಳಿಸಿದರೆ ತಡ ಆಗುತ್ತೆ ಅಂತ ಒಂದು ಮೀಟಿಂಗಿನಲ್ಲಿ ದೂರಿದವರಿಗೆ ನಾನು ತೋರಿಸಿದ್ದು ಈ ಲೆಕ್ಕವನ್ನೇ.

ಈಗ ಮತ್ತೆ ಅಪ್ಪನ ಕಥೆಗೆ. ಮೂರು ಸಲ ಏನಾಯಿತು ಅಂತ ಅವರನ್ನೇ ಬಿಡಿಸಿ ಕೇಳಿದೆ. ಮೊದಲ ಸಲ ಸರಿಯಾದ ಸಂಖ್ಯೆ, ಅವಧಿ ಮುಗಿದಿತ್ತು, ತಾಣ ಅದನ್ನು "ತಪ್ಪು" ಅಂದಿತು. ಅಪ್ಪ ಕನ್ನಡಕ ಒರೆಸಿಕೊಂಡು ಅದನ್ನೇ ಮತ್ತೆ ಹಾಕಿದರು, ಎರಡನೇ ತಪ್ಪು. ಆಮೇಲೆ ಮತ್ತೆ ಕಳಿಸಿ ಒತ್ತಿದರು, ಒಂದು ನಿಮಿಷ ಕಳೆದರೂ ಏನೂ ಆಗಲಿಲ್ಲ ಅಂತ ಇನ್ನೊಮ್ಮೆ ಒತ್ತಿ ಟ್ಯಾಂಕಿಗೆ ಓಡಿದರು. ಅಲ್ಲಿ ಎರಡೂ ಬಂದವು, ತಿರುವುಮುರುವಾಗಿ. ಎರಡನೆಯ ಸಂಖ್ಯೆ ಮೊದಲು ಬಂತು, ಮೊದಲನೆಯದು ಆಮೇಲೆ ಬಂದು ಮೇಲೆ ಕೂತಿತು. ಯಾರಾದರೂ ಮೇಲಿನದನ್ನೇ ತಾನೇ ಬರೆದುಕೊಳ್ಳುವುದು? ತಾಣದ ಲೆಕ್ಕದಲ್ಲಿ ಅದು ಆಗಲೇ ರದ್ದಾದ ಸಂಖ್ಯೆ. ಮೂರನೇ ತಪ್ಪು, ಬೀಗ. ಒಂದು ಸಲವೂ ಅವರು ತಪ್ಪು ಮಾಡಿರಲಿಲ್ಲ.

ಇದನ್ನು ಹಾಗೇ ನಮ್ಮ ಕಂಪನಿಯ ತಾಣದ ಮೇಲೆ ಪರೀಕ್ಷೆಯಾಗಿ ಬರೆದೆ. ನಿಜವಾದ ಮೆಸೇಜು ಕೇಂದ್ರದ ಬದಲು ನಾವೇ ಒಂದು ಸುಳ್ಳು ಕೇಂದ್ರ ಕಟ್ಟಿದೆವು. ಬಂದ ಮೆಸೇಜನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, ಹೇಳಿದಾಗ ಹೇಳಿದ ಕ್ರಮದಲ್ಲಿ ಬಿಡುತ್ತದೆ. ಸರ್ವರಿನ ಗಡಿಯಾರವನ್ನೂ ನಾವೇ ಮುಂದೆ ತಳ್ಳಬಹುದು, ಕೂತು ಕಾಯಬೇಕಿಲ್ಲ. 10:00:00ಕ್ಕೆ ಮೊದಲ ಸಂಖ್ಯೆ, 10:01:00ಕ್ಕೆ ಎರಡನೆಯದು, ಎರಡನೆಯದನ್ನು 10:01:20ಕ್ಕೆ ಬಿಡು, ಮೊದಲನೆಯದನ್ನು 10:01:40ಕ್ಕೆ ಬಿಡು, 10:02:30ಕ್ಕೆ ಮೊದಲನೆಯದನ್ನು ಹಾಕು. ನಾಲ್ಕೂ ಪ್ರಶ್ನೆಗಳಿಗೆ ಬಿಡಿಬಿಡಿಯಾಗಿ ಪಾಸಾಗಿದ್ದ ನಮ್ಮ ತಾಣ ಇದರಲ್ಲಿ ಅಪ್ಪ ನೋಡಿದ ತಾಣದಷ್ಟೇ ಚೆನ್ನಾಗಿ ಫೇಲಾಯಿತು.

ತಿದ್ದಿದ್ದು ಹೀಗೆ. ಸಂಖ್ಯೆ ಇನ್ನೂ ಬದುಕಿರುವಾಗ ಮತ್ತೆ ಕಳಿಸಿ ಅಂದರೆ ಅದೇ ಸಂಖ್ಯೆ ಹೋಗುತ್ತದೆ, ಆಯಸ್ಸು ಮಾತ್ರ ಮೊದಲ ಸಲದಿಂದಲೇ ಲೆಕ್ಕ. ಹಾಗಾಗಿ ತಿರುವುಮುರುವಾಗಿ ಬಂದರೂ ತೊಂದರೆಯಿಲ್ಲ. ಇದಕ್ಕೆ ಸಂಖ್ಯೆಯನ್ನು ಆ ಹೊತ್ತಿನ ಮಟ್ಟಿಗೆ ಮತ್ತೆ ಓದಬಲ್ಲಂತೆ ಇಟ್ಟುಕೊಳ್ಳಬೇಕಾಗುತ್ತದೆ, ಭದ್ರತೆಯವರು ಅದಕ್ಕೆ ಮುಖ ಸಿಂಡರಿಸಿದರು, ಕೊನೆಗೆ ಗೂಢಲಿಪಿಯಲ್ಲಿ ಇಡುವುದಕ್ಕೆ ಒಪ್ಪಿದರು. ಅವಧಿ ಮುಗಿದ ಮೇಲೆ ಏನೇ ಹಾಕಿದರೂ ತಾಳೆಯನ್ನೇ ನೋಡುವುದಿಲ್ಲ, "ಸಮಯ ಮುಗಿದಿದೆ, ಹೊಸದು ಕೇಳಿ" ಅನ್ನುತ್ತದೆ. ತಾಳೆ ನೋಡದಿರುವುದರಿಂದ ಊಹಿಸುವವನಿಗೆ ಏನೂ ತಿಳಿಯುವುದಿಲ್ಲ, ಅದಕ್ಕೇ ಅದನ್ನು ತಪ್ಪು ಅಂತ ಎಣಿಸಲೂ ಬೇಕಿಲ್ಲ. ಅವಧಿ ಮೂರರಿಂದ ಹತ್ತು ನಿಮಿಷಕ್ಕೆ ಹೋಯಿತು. ಇದಕ್ಕಾಗಿ ಎರಡು ಮೀಟಿಂಗು ಬೇಕಾಯಿತು, ಮೇಲಿನ ಐದು ಊಹೆಗಳ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸಬೇಕಾಯಿತು.

ಪರೀಕ್ಷೆಗಳ ಪಟ್ಟಿಯಲ್ಲಿ ಅದಕ್ಕೆ "ನೀರಿನ ಟ್ಯಾಂಕು" ಅಂತ ಹೆಸರಿಟ್ಟಿದ್ದೇನೆ. ಟೀಮಿಗೆ ಹೊಸದಾಗಿ ಸೇರಿದವರು ಹಾಗಂದರೇನು ಅಂತ ಕೇಳುತ್ತಾರೆ. ಅಪ್ಪನ ಅರ್ಜಿ ಮಾತ್ರ ಮುಂದಿನ ವರ್ಷಕ್ಕೇ.